ದಿನಕ್ಕೆ 10 ಲೀಟರ್ ಹಾಲು ಉಳಿಯುತ್ತಿದೆ: ಮೊಸರು ಮಾಡಲಾ, ತುಪ್ಪ ಕಾಯಿಸಲಾ, ಪನೀರ್ ಒತ್ತಲಾ?

ಹಟ್ಟಿಮನೆ
ಎಲ್ಲರಿಗೂ ನಮಸ್ಕಾರ. ನಮ್ಮ ಎರಡು ಹಸುಗಳು ಹೆಚ್ಚುಕಡಿಮೆ ಒಟ್ಟಿಗೇ ಕರು ಹಾಕಿದವು. ಬೆಳಗಿನ ಹಾಲು ವರ್ತನೆಗೆ ಹೋಗುತ್ತದೆ. ಸಂಜೆಯದು ದಿನಾ ಸುಮಾರು 10 ಲೀಟರ್ ಉಳಿಯುತ್ತಿದೆ. ಫ್ಯಾಟ್ 4ರ ಆಸುಪಾಸು ಇದೆ. ಕಡಿಮೆ ರೇಟಿಗೆ ಕೊಟ್ಟು ಕೊಟ್ಟು ಬೇಜಾರಾಗಿ, ಕಿಲೋಗೆ ಜಾಸ್ತಿ ದುಡ್ಡು ಬರುವುದು ತುಪ್ಪಕ್ಕೆ ತಾನೇ ಅಂತ ಅದಕ್ಕೇ ಕೈ ಹಾಕಿದೆ. ಮೂರು ದಿನ, ಅಂದರೆ 30 ಲೀಟರ್ ಹಾಲಿನ ಕೆನೆ ಕೂಡಿಸಿ, ಕಡೆದು, ಕಾಯಿಸಿದೆ. ಬಂದಿದ್ದು 450 ಗ್ರಾಂ ತುಪ್ಪ. 30 ಲೀಟರಿಗೆ ಒಂದು ಕಿಲೋ ಬರುತ್ತೆ ಅಂತ ಎಲ್ಲರೂ ಹೇಳ್ತಾರೆ. ನನ್ನ ಇನ್ನರ್ಧ ಕಿಲೋ ಎಲ್ಲಿ ಹೋಯಿತು? ತುಪ್ಪ ಬಿಟ್ಟು ಪನೀರ್ ಹಿಡಿಯಲಾ? ತಿಳಿದವರು ಹೇಳಿ.

ನಂದಿನಾಡು
ಅಣ್ಣಾ, ಕೆನೆ ತೆಗೆಯುವ ಮೆಷಿನ್ ತಗೊಳ್ಳಿ, ಕೈಯಲ್ಲಿ ತಿರುಗಿಸುವುದೇ ಸಾಕು. ಹಾಲಲ್ಲಿ ಇರುವ ಜಿಡ್ಡೆಲ್ಲ ಹೊರಗೆ ಬರುತ್ತದೆ. ತುಪ್ಪ ತಿಂಗಳುಗಟ್ಟಲೆ ಕೆಡಲ್ಲ. ಮೊಸರು, ಪನೀರ್ ಎರಡೂ ಮೂರು ದಿನದ ಆಟ. ನನ್ನ ಪ್ರಕಾರ ಎಲ್ಲವನ್ನೂ ತುಪ್ಪಕ್ಕೇ ಹಾಕಿ, ಬೇರೆ ಯೋಚನೆ ಬೇಡ.

ಕಡೆಗೋಲು
ನಂದಿನಾಡು ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಮೆಷಿನ್ ಜಿಡ್ಡನ್ನು ಪೂರ್ತಿ ತೆಗೆಯುತ್ತದೆ, ತುಪ್ಪ ಬಹಳ ದಿನ ಬಾಳುತ್ತದೆ, ಎರಡೂ ನಿಜ. ಆದರೆ ಜಿಡ್ಡೆಲ್ಲ ತೆಗೆದ ಮೇಲೆ ಉಳಿಯುವ 9 ಲೀಟರ್ ನೀಲಿ ನೀಲಿ ಹಾಲನ್ನು ಯಾರು ತಗೊಳ್ತಾರೆ? ಅದಕ್ಕೆ ಗಿರಾಕಿ ಇದ್ದರೆ ಮಾತ್ರ ಮೆಷಿನ್ ಮಾತು.

ಹಟ್ಟಿಮನೆಯವರೇ, ದುಡ್ಡಿನ ಲೆಕ್ಕ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಹಾಲಿನ ಲೆಕ್ಕ ಹಾಕೋಣ. 4 ಫ್ಯಾಟಿನ ಹಸುವಿನ ಹಾಲು 10 ಲೀಟರ್ ಅಂದರೆ ಅದರಲ್ಲಿ ಸುಮಾರು 410 ಗ್ರಾಂ ಜಿಡ್ಡು. ಅಷ್ಟೇ. ನೀವು ಏನೇ ಮಾಡಿದರೂ ಅದು ಹೆಚ್ಚಾಗುವುದಿಲ್ಲ, ಎಲ್ಲಿಗೆ ಹೋಗಬೇಕು ಅನ್ನುವುದು ಮಾತ್ರ ನಿಮ್ಮ ಕೈಯಲ್ಲಿದೆ. ಕಡೆಯುವಾಗ, ಕಾಯಿಸುವಾಗ ಹತ್ತರಲ್ಲಿ ಒಂದು ಪಾಲು ಮಜ್ಜಿಗೆಗೂ ಗಸಿಗೂ ಹೋಗುತ್ತದೆ. ಹಾಗಾಗಿ ಜಿಡ್ಡು ಪೂರ್ತಿ ತೆಗೆದರೂ ಒಂದು ಕಿಲೋ ತುಪ್ಪಕ್ಕೆ 27-28 ಲೀಟರ್ ಹಾಲು ಬೇಕೇ ಬೇಕು. ತುಪ್ಪದ ಕಿಲೋ ರೇಟು ನಿಮ್ಮ ಹಾಲಿನ ಲೀಟರ್ ರೇಟಿನ 28 ಪಟ್ಟು ಇದೆಯಾ ನೋಡಿ. ಇಲ್ಲದಿದ್ದರೆ ಬರೀ ತುಪ್ಪದಿಂದ ಲಾಭ ಇಲ್ಲ. ಉಳಿದ ಹಾಲೂ ದುಡ್ಡಾಗಬೇಕು.

ಈಗ ನಿಮ್ಮ ಅರ್ಧ ಕಿಲೋ ವಿಚಾರ. ಕೆನೆ ಹೇಗೆ ತೆಗೆದಿರಿ? ಕೆನೆ ತೆಗೆದ ಹಾಲನ್ನು ಏನು ಮಾಡಿದಿರಿ? ಇವೆರಡು ಹೇಳಿ.

ಹಟ್ಟಿಮನೆ
ಹಾಲು ಕಾಯಿಸಿ, ಒಂದು ಗಂಟೆ ಆರಲು ಬಿಟ್ಟು, ಮೇಲೆ ಕಟ್ಟಿದ ಪದರ ತೆಗೆದೆ. ಉಳಿದ ಹಾಲಿಗೆ ಹೆಪ್ಪು ಹಾಕಿದೆ. ಮೊಸರು ಚೆನ್ನಾಗಿತ್ತು, ಗಟ್ಟಿಯಾಗೇ ಇತ್ತು, ತಗೊಂಡವರು ಮತ್ತೆ ಕೇಳಿದರು.

ಕಡೆಗೋಲು
ಹಾಗಾದರೆ ಉತ್ತರ ಸಿಕ್ಕಿತು. ನಿಮ್ಮ ಅರ್ಧ ಕಿಲೋ ತುಪ್ಪ ಆ ಮೊಸರಲ್ಲಿತ್ತು. ಅದಕ್ಕೇ ಅದು ಗಟ್ಟಿಯಾಗಿ ಬಂದಿದ್ದು.

ಒಂದು ಗಂಟೆಯಲ್ಲಿ ಕಟ್ಟುವುದು ಕೆನೆಯ ಚರ್ಮ ಮಾತ್ರ. ಜಿಡ್ಡು ಮೇಲೆ ಏರಲು ಹೊತ್ತು ಬೇಕು, ತಂಪೂ ಬೇಕು. ಅಗಲ ಬಾಯಿಯ ಪಾತ್ರೆಗೆ ಹಾಕಿ, ಬಿಸಿ ಇಳಿದ ಮೇಲೆ ಫ್ರಿಜ್ಜಲ್ಲಿ 8-10 ಗಂಟೆ ಅಲ್ಲಾಡಿಸದೆ ಇಡಿ. ಬೆಳಿಗ್ಗೆ ನೋಡಿದರೆ ದೋಸೆಯ ದಪ್ಪಕ್ಕೆ ಕೆನೆ ಕೂತಿರುತ್ತದೆ. ಜಾಲರಿ ಸೌಟಲ್ಲಿ ಅಂಚಿನಿಂದ ಬಿಡಿಸಿ ಎತ್ತಿ. ಹೀಗೆ ಮಾಡಿದರೆ ಜಿಡ್ಡಿನ ಅರ್ಧದಷ್ಟು, ಅಂದರೆ ದಿನಕ್ಕೆ 200 ಗ್ರಾಂ ಸಿಗುತ್ತದೆ. ಐದು ದಿನಕ್ಕೆ ಒಂದು ಕಿಲೋ ಜಿಡ್ಡು, ಅದರಿಂದ 900 ಗ್ರಾಂ ತುಪ್ಪ. ಉಳಿದ ಹಾಲಲ್ಲಿ ಇನ್ನೂ 2 ಫ್ಯಾಟ್ ಇರುತ್ತದೆ, ಮೊಸರಿಗೆ ಅದು ಸಾಕು. ಸ್ವಲ್ಪ ತೆಳ್ಳಗಾಗುತ್ತದೆ. ಅದಕ್ಕೆ ಹೆಪ್ಪು ಹಾಕುವ ಮೊದಲು ಮತ್ತೆ ಕಾಯಿಸುತ್ತೀರಲ್ಲ, ಆಗ ತಳ ಹಿಡಿಯದ ಹಾಗೆ ಕೈಯಾಡಿಸುತ್ತಾ ಹತ್ತರಲ್ಲಿ ಒಂದು ಪಾಲು ಬತ್ತಿಸಿ.

ಇದರಲ್ಲಿ ಇನ್ನೊಂದು ಅನುಕೂಲ ಇದೆ. ಮೊಸರಿನ ತೂಕ ಹೆಚ್ಚುಕಡಿಮೆ ಹಾಲಿನ ತೂಕವೇ. ನೀವು ಬತ್ತಿಸಿದರೂ 10 ಲೀಟರಿಗೆ 8 ಕಿಲೋ ಮೇಲೆ ಮೊಸರು ಉಳಿಯುತ್ತದೆ. ದಿನದ ಖರ್ಚಿಗೆ ದುಡ್ಡು ಮೊಸರಿಂದ ಬರುತ್ತದೆ, ತುಪ್ಪ ಅದರ ಮೇಲೆ ಕೂಡಿಬರುವ ಗಂಟು.

ಎಮ್ಮೆಕಟ್ಟೆ
ನೀವೆಲ್ಲ ಯಾಕೆ ಇಷ್ಟು ಲೆಕ್ಕ ಹಾಕ್ತೀರೋ ಗೊತ್ತಾಗ್ತಿಲ್ಲ. ನಾನು 16 ಲೀಟರಿಗೆ ಒಂದು ಕಿಲೋ ತುಪ್ಪ ತೆಗೆಯುತ್ತೇನೆ. 28 ಅನ್ನುವುದು ಜಾಸ್ತಿ ಆಯಿತು, ಎಲ್ಲೋ ತಪ್ಪು ಮಾಡ್ತಿದ್ದೀರಿ.

ಕಡೆಗೋಲು
ನಿಮ್ಮದು ಎಮ್ಮೆ ಹಾಲಲ್ವಾ? ಅದರ ಫ್ಯಾಟ್ 7ರ ಹತ್ತಿರ ಇರುತ್ತದೆ. ಅದಕ್ಕೆ 16 ಸರಿಯಾಗಿಯೇ ಇದೆ. ಹಸು ಸಾಕಿದವರಿಗೆ ಈ ಲೆಕ್ಕ ಹೇಳಿದರೆ ಪಾಪ, ಅವರು ತಮ್ಮ ತುಪ್ಪ ಯಾರೋ ಕದ್ದರು ಅಂದುಕೊಳ್ಳುತ್ತಾರೆ.

ಎಮ್ಮೆಕಟ್ಟೆ
ಹೌದು, ನಮ್ಮ ಹಟ್ಟಿಯಲ್ಲಿ ಹಸು ಇಲ್ಲವೇ ಇಲ್ಲ. ಆ ವ್ಯತ್ಯಾಸ ಯೋಚಿಸಿರಲಿಲ್ಲ. ಒಂದು ಮಾತು ಸೇರಿಸುತ್ತೇನೆ. ಬೆಣ್ಣೆ ಬರದಿದ್ದರೆ ಕಡೆಯುವುದನ್ನು ಜೋರು ಮಾಡಬೇಡಿ, ಬಿಸಿ ತಂಪು ನೋಡಿ. ಸೆಕೆಗಾಲದಲ್ಲಿ ಬೆಣ್ಣೆ ಎಣ್ಣೆಯ ಹಾಗೆ ಹರಡಿಕೊಂಡು ಮಜ್ಜಿಗೆಯಲ್ಲೇ ನಿಂತುಬಿಡುತ್ತದೆ, ಅರ್ಧ ತುಪ್ಪ ಅಲ್ಲೇ ಹೋಯಿತು. ತಣ್ಣನೆ ನೀರು ಹಾಕಿದರೆ ಕಾಳು ಕಾಳಾಗಿ ಮೇಲೆ ಬರುತ್ತದೆ. ಚಳಿಗಾಲದಲ್ಲಿ ನೊರೆಯೇ ಏಳುತ್ತಾ ಇರುತ್ತದೆ, ಆಗ ಉಗುರುಬೆಚ್ಚಗಿನ ನೀರು ಒಂದು ಲೋಟ ಹಾಕಬೇಕು. ಬೆಣ್ಣೆಯನ್ನು ಎರಡು ಮೂರು ನೀರಲ್ಲಿ ತೊಳೆಯಿರಿ. ತೊಳೆಯದಿದ್ದರೆ ಗಸಿ ಜಾಸ್ತಿ ಆಗಿ, ಬೇಗ ಕಂದು ತಿರುಗಿ, ತುಪ್ಪಕ್ಕೆ ಸೀದ ವಾಸನೆ ಹಿಡಿಯುತ್ತದೆ.

ಸಂಜೆಮಲ್ಲಿಗೆ
ಪನೀರ್ ವಿಷಯಕ್ಕೆ ಯಾರೂ ಬರಲೇ ಇಲ್ಲ. ಕೆನೆ ತೆಗೆದು ತುಪ್ಪ ಮಾಡಿ, ಅದೇ ಹಾಲಿಂದ ಪನೀರ್ ಮಾಡಿದರೆ ಎರಡು ಲಾಭ ಅಲ್ವಾ? ನಾನು ಹಾಗೆ ಮಾಡಬೇಕು ಅಂತಿದ್ದೇನೆ.

ಬಿಳಿಬಟ್ಟೆ
ಅಕ್ಕಾ, ನಾನು ನಾಲ್ಕು ವರ್ಷದಿಂದ ಮನೆಯಲ್ಲೇ ಪನೀರ್ ಮಾಡಿ ಕೊಡುತ್ತಿದ್ದೇನೆ. ಶುರುವಲ್ಲಿ ನನಗೂ ಇದೇ ಆಸೆ ಇತ್ತು. ಕೆನೆ ತೆಗೆಯದ 10 ಲೀಟರ್ ಹಸುವಿನ ಹಾಲಿಗೆ ಒಂದೂವರೆ ಕಿಲೋ ಪನೀರ್ ಬರುತ್ತದೆ. ಕೆನೆ ತೆಗೆದ ಮೇಲೆ ತೂಗಿದರೆ 1 ಕಿಲೋ 150 ಗ್ರಾಂ ಆಸುಪಾಸು. ಹೋದ ಜಿಡ್ಡು ಒಬ್ಬೊಂಟಿಯಾಗಿ ಹೋಗುವುದಿಲ್ಲ, ಅದರ ಜೊತೆ ಹಿಡಿದಿಟ್ಟುಕೊಳ್ಳುವ ನೀರೂ ಹೋಗುತ್ತದೆ. ಮೇಲಾಗಿ ಆ ಪನೀರ್ ಹಲ್ಲಿಗೆ ರಬ್ಬರ್ ಥರ ಸಿಗುತ್ತದೆ. ಅದನ್ನು ಕೆನೆ ತೆಗೆದ ಹಾಲಿನ ಪನೀರ್ ಅಂತ ಹೇಳಿಯೇ ಮಾರಬೇಕು, ಕೆನೆಭರಿತ ಪನೀರಿನ ರೇಟು ಕೇಳುವುದು ತಪ್ಪು. ನಾನು ಬಿಟ್ಟುಬಿಟ್ಟೆ. ಪನೀರ್ ಮಾಡುವ ದಿನ ಕೆನೆ ಮುಟ್ಟುವುದಿಲ್ಲ.

ಕಡೆಗೋಲು ಅವರ ಲೆಕ್ಕದ ಹಾಗೆ ಹೇಳಿದರೆ ಒಂದು ಕಿಲೋ ಪನೀರ್ ಅಂದರೆ ಆರೂಮುಕ್ಕಾಲು ಲೀಟರ್ ಹಾಲು. ಪನೀರಿನ ರೇಟು ಹಾಲಿನ ಏಳು ಪಟ್ಟು ಇದ್ದರೆ ಅಸಲು ಅಷ್ಟೇ. ಗ್ಯಾಸು, ಹುಳಿ, ಬಟ್ಟೆ, ನಿಮ್ಮ ಎರಡು ಗಂಟೆ ಎಲ್ಲ ಸೇರಿ ಒಂಬತ್ತು ಪಟ್ಟು ಸಿಕ್ಕರೆ ಮಾಡಿ. ಮತ್ತೆ ಒಂದು ಮಾತು, ಗಿರಾಕಿ ಮೊದಲು, ಪನೀರ್ ಆಮೇಲೆ. ಹೇಳಿದವರಿಗೆ ಮಾತ್ರ ಮಾಡುತ್ತೇನೆ. ಫ್ರಿಜ್ಜಲ್ಲಿ ಇಟ್ಟರೂ ಐದಾರು ದಿನ ಕಳೆದರೆ ಮೇಲೆ ಲೋಳೆ ಬರುತ್ತದೆ.

ಸಂಜೆಮಲ್ಲಿಗೆ
ತುಂಬಾ ಥ್ಯಾಂಕ್ಸ್. ನನ್ನದು ಪುಡಿಪುಡಿ ಆಗುತ್ತದೆ, ಕತ್ತರಿಸಲು ಬರಲ್ಲ. ನೀವು ಹೇಗೆ ಮಾಡ್ತೀರಿ ಸ್ವಲ್ಪ ಬಿಡಿಸಿ ಹೇಳ್ತೀರಾ?

ಬಿಳಿಬಟ್ಟೆ
ನೀವು ಕುದಿಯುವ ಹಾಲಿಗೇ ಹುಳಿ ಸುರಿಯುತ್ತಿರಬೇಕು. ಹೆಚ್ಚಿನವರು ಅಲ್ಲೇ ಎಡವುವುದು.

ನಾನು 10 ಲೀಟರ್ ಹಾಲನ್ನು 90 ಡಿಗ್ರಿಗೆ ಏರಿಸಿ, ಕೂಡಲೇ ಒಲೆ ಆರಿಸುತ್ತೇನೆ. ಆಮೇಲೆ 75ಕ್ಕೆ ಇಳಿಯುವ ತನಕ ಕಾಯುತ್ತೇನೆ. ಥರ್ಮಾಮೀಟರ್ ಒಂದು ತಗೊಳ್ಳಿ, ಅದರ ದುಡ್ಡು ಮೊದಲ ವಾರದಲ್ಲೇ ವಾಪಸ್ ಬರುತ್ತದೆ. ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ 20 ಗ್ರಾಂ ಸಿಟ್ರಿಕ್ ಆಸಿಡ್ಡನ್ನು ಎರಡು ಲೀಟರ್ ಬಿಸಿ ನೀರಲ್ಲಿ ಕರಗಿಸಿ ಇಟ್ಟುಕೊಂಡಿರುತ್ತೇನೆ. ಅದೂ ಹಾಲಿನಷ್ಟೇ ಬಿಸಿ ಇರಬೇಕು. ಒಂದೊಂದೇ ಲೋಟ ಸುರಿದು ನಿಧಾನಕ್ಕೆ ಒಂದು ಸುತ್ತು ತಿರುಗಿಸುತ್ತೇನೆ, ಮಿಕ್ಸಿ ಥರ ಕಲಕಬಾರದು. ಮೊದಮೊದಲು ಹಾಲಿನ ಬಣ್ಣದ ನೀರೇ ಕಾಣುತ್ತದೆ. ಒಂದು ಹಂತದಲ್ಲಿ ಬಿಳಿ ಗಂಟುಗಳು ಒಂದು ಕಡೆ, ತಿಳಿಹಸಿರು ಹಳದಿಯ ತಿಳಿನೀರು ಒಂದು ಕಡೆ ಆಗುತ್ತದೆ. ಅಲ್ಲಿಗೆ ನಿಲ್ಲಿಸಿ, ಹುಳಿನೀರು ಉಳಿದರೂ ಪರವಾಗಿಲ್ಲ. ಮಿಕ್ಕಿದ್ದನ್ನೂ ಸುರಿದರೆ ಪನೀರ್ ಹುಳಿಯಾಗಿ ಪುಡಿಯಾಗುತ್ತದೆ. ನೀರು ಇನ್ನೂ ಬಿಳಿಯಾಗಿದ್ದಾಗಲೇ ನಿಲ್ಲಿಸಿದರೆ ನಿಮ್ಮ ಪನೀರ್ ನೀರಲ್ಲೇ ಹರಿದು ಹೋಗುತ್ತದೆ.

ಹತ್ತು ನಿಮಿಷ ಮುಟ್ಟದೆ ಬಿಟ್ಟು, ಬಿಸಿ ಇರುವಾಗಲೇ ಬಟ್ಟೆಗೆ ಸುರಿದು, ಮೇಲೆ ನಾಲ್ಕೈದು ಕಿಲೋ ಭಾರ ಇಡುತ್ತೇನೆ, 15-20 ನಿಮಿಷ. ಆರಿದ ಮೇಲೆ ಒತ್ತಿದರೆ ಗಂಟುಗಳು ಒಂದಕ್ಕೊಂದು ಅಂಟುವುದಿಲ್ಲ. ಆಮೇಲೆ ಗಟ್ಟಿಯನ್ನು ಐಸ್ ನೀರಲ್ಲಿ ಎರಡು ಗಂಟೆ ಮುಳುಗಿಸಿ. ಈ ತಣ್ಣೀರು ಬಿಟ್ಟರೆ ಕತ್ತರಿಸುವಾಗ ಅಂಚು ಉದುರುತ್ತದೆ.

ಹೊಸಮನೆ
ನಮ್ಮ ಮನೆಯಲ್ಲಿ ಸಂಜೆ ಹಾಲು ಕೆಲವೊಮ್ಮೆ ಕಾಯಿಸುವಾಗ ತಾನೇ ಒಡೆಯುತ್ತದೆ. ಅದರಿಂದ ಪನೀರ್ ಮಾಡಿ ಮಾರಬಹುದು ಅಂತ ಇದರಿಂದ ಗೊತ್ತಾಯಿತು, ಸುಮ್ನೆ ಚೆಲ್ಲುತ್ತಿದ್ದೆ.

ಬಿಳಿಬಟ್ಟೆ
ಇಲ್ಲ ಇಲ್ಲ, ಹಾಗೆ ಯಾರೂ ಹೇಳಲಿಲ್ಲ. ನಾವು ಒಳ್ಳೆ ಹಾಲನ್ನು ನಾವೇ ಒಡೆಯುವುದು. ತಾನಾಗಿ ಒಡೆದಿದೆ ಅಂದರೆ ಹಾಲು ಆಗಲೇ ಹುಳಿಯಾಗಿದೆ, ಕರೆದಾಗಿಂದ ಅದರಲ್ಲಿ ಏನೇನು ಬೆಳೆದಿದೆಯೋ ಗೊತ್ತಿಲ್ಲ. ಮಾರುವುದಂತೂ ಬೇಡ. ಅದಕ್ಕಿಂತ ಯಾಕೆ ಒಡೆಯುತ್ತಿದೆ ಹುಡುಕಿ. ಬೆಳಗಿನ ಹಾಲಿನ ಪಾತ್ರೆಗೇ ಸಂಜೆಯದು ಸೇರಿಸುತ್ತೀರಾ? ಕ್ಯಾನಿನ ಮುಚ್ಚಳದ ರಬ್ಬರ್ ಬಿಚ್ಚಿ ತೊಳೆದು ಎಷ್ಟು ದಿನ ಆಯಿತು?

ಹೊಸಮನೆ
ರಬ್ಬರ್ ಬಿಚ್ಚಬಹುದು ಅಂತಲೇ ಗೊತ್ತಿರಲಿಲ್ಲ. ಈಗ ಬಿಚ್ಚಿ ನೋಡಿದೆ. ಅದರ ಒಳಗೆ ಹಳದಿ ಪದರ ಕಟ್ಟಿದೆ. ವಾಸನೆ ತಡೆಯಲಾಗದು.

ಹಟ್ಟಿಮನೆ
ಕಡೆಗೋಲು ಸಾರ್, ನೀವು ಹೇಳಿದ ಹಾಗೆ ಹತ್ತು ದಿನದಿಂದ ಮಾಡುತ್ತಿದ್ದೇನೆ. ಕೆನೆ ಚೆನ್ನಾಗಿ ಬರುತ್ತಿದೆ. ಆದರೆ ನಿನ್ನೆ, ಮೊನ್ನೆ ಎರಡು ದಿನ ಮೊಸರು ಹೆಪ್ಪೇ ಆಗಲಿಲ್ಲ. ಎಂಟು ಗಂಟೆ ಬಿಟ್ಟರೂ ಹಾಲು ಹಾಲಾಗೇ ಇದೆ, ಸ್ವಲ್ಪ ಲೋಳೆ ಲೋಳೆ. ಹೆಪ್ಪು ಅದೇ, ಪಾತ್ರೆ ಅದೇ, ಜಾಗ ಅದೇ. ಮೊಸರಿಗೆ ಹೇಳಿದವರಿಗೆಲ್ಲ ಇಲ್ಲ ಅನ್ನಬೇಕಾಯಿತು.

ಮಾವಿನತೋಪು
ಹಾಲು ತಣ್ಣಗಾಗಿರಬೇಕು. ಹೆಪ್ಪು ಜಾಸ್ತಿ ಹಾಕಿ, ಸರಿಹೋಗುತ್ತದೆ. ನಾನು ಲೀಟರಿಗೆ ಅರ್ಧ ಲೋಟ ಹಾಕುತ್ತೇನೆ.

ಕಡೆಗೋಲು
ಹಾಲು ತಣ್ಣಗಾಗಿದ್ದರೂ ಹೀಗಾಗುತ್ತದೆ, ನಿಜ. 42 ಡಿಗ್ರಿ ಇರಬೇಕು. ಕಿರುಬೆರಳು ಅದ್ದಿದರೆ ಬಿಸಿ ಅನ್ನಿಸಬೇಕು, ಸುಡಬಾರದು. ಆದರೆ ಹೆಪ್ಪು ಲೀಟರಿಗೆ ಒಂದು ಚಮಚ, ಹದಿನೈದು ಗ್ರಾಂ ಸಾಕು. ಅರ್ಧ ಲೋಟ ಹಾಕಿದರೆ ಬೇಗ ಹುಳಿಯಾಗಿ ನೀರು ಬಿಡುತ್ತದೆ, ಮಾರುವ ಮೊಸರಿಗೆ ಅದು ಆಗದು.

ಹಟ್ಟಿಮನೆಯವರೇ, ಎಂಟು ದಿನ ಸರಿಯಾಗಿ ಆಗಿ ಎರಡು ದಿನದಿಂದ ಕೆಟ್ಟಿದೆ ಅಂದರೆ ನಾನು ಪಾತ್ರೆ ಕಡೆ ನೋಡಲ್ಲ, ಕೊಟ್ಟಿಗೆ ಕಡೆ ನೋಡುತ್ತೇನೆ. ಯಾವ ಹಸುವಿಗಾದರೂ ಔಷಧಿ ಆಯಿತಾ?

ಹಟ್ಟಿಮನೆ
ಹೌದು. ದೊಡ್ಡ ಹಸುವಿಗೆ ಒಂದು ಮೊಲೆಯಲ್ಲಿ ಕೆಚ್ಚಲು ಬಾವು ಕಾಣಿಸಿತ್ತು, ಟ್ಯೂಬ್ ಏರಿಸಿದರು. ಆ ಮೊಲೆಯ ಹಾಲು ಚೆಲ್ಲುತ್ತಿದ್ದೇನೆ, ಉಳಿದ ಮೂರರದು ಮಾತ್ರ ಸೇರಿಸುತ್ತಿದ್ದೇನೆ.

ಕಡೆಗೋಲು
ಅದೇ ಕಾರಣ ಇರಬೇಕು. ಔಷಧಿ ಒಂದು ಮೊಲೆಗೆ ಹಾಕಿದರೂ ರಕ್ತಕ್ಕೆ ಸೇರಿ ಉಳಿದ ಮೂರರ ಹಾಲಿಗೂ ಬರುತ್ತದೆ. ಹೆಪ್ಪಿನಲ್ಲಿರುವುದು ಜೀವ ಇರುವ ಬ್ಯಾಕ್ಟೀರಿಯಾ, ಆ ಔಷಧಿ ಅದನ್ನೂ ಕೊಲ್ಲುತ್ತದೆ. ಕಾಯಿಸಿದರೆ ಹೋಗುತ್ತದೆ ಅಂದುಕೊಳ್ಳಬೇಡಿ, ಹೋಗುವುದಿಲ್ಲ.

ಇವತ್ತೇ ಹೀಗೆ ಮಾಡಿ. ಎರಡು ಲೋಟ ತಗೊಳ್ಳಿ. ಒಂದಕ್ಕೆ ದೊಡ್ಡ ಹಸುವಿನ ಹಾಲು, ಇನ್ನೊಂದಕ್ಕೆ ಚಿಕ್ಕದರ ಹಾಲು, ಎರಡನ್ನೂ ಕಾಯಿಸಿ ಆರಿಸಿ, ಒಂದೇ ಹೆಪ್ಪು ಹಾಕಿ ಪಕ್ಕಪಕ್ಕ ಇಡಿ. ಒಂದು ಆಗಿ ಇನ್ನೊಂದು ಆಗದಿದ್ದರೆ ನಿಮಗೇ ಗೊತ್ತಾಗುತ್ತದೆ. ಆದರೆ ಎರಡೂ ಹೆಪ್ಪಾಯಿತು ಅಂತ ಹಾಲು ಶುದ್ಧ ಅಂದುಕೊಳ್ಳಬಾರದು. ಸ್ವಲ್ಪವೇ ಔಷಧಿ ಇದ್ದರೆ ಮೊಸರು ಆಗಿಬಿಡುತ್ತದೆ. ಟ್ಯೂಬಿನ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಅಂತ ಬರೆದಿರುತ್ತದೆ, ಕೊನೆಯ ಡೋಸ್‌ನಿಂದ ಅಷ್ಟು ದಿನ ನಾಲ್ಕೂ ಮೊಲೆಯ ಹಾಲು ಬೇರೆ ಇಡಿ. ಕರುವಿಗೂ ಕುಡಿಸಬೇಡಿ. ಕೆಲವರಿಗೆ ಆ ಔಷಧಿ ಅಲರ್ಜಿ ಇರುತ್ತದೆ, ನಾವು ಮಾರುವುದನ್ನು ಯಾರು ತಿನ್ನುತ್ತಾರೋ ನಮಗೆ ಗೊತ್ತಿರುವುದಿಲ್ಲ.

ಹಟ್ಟಿಮನೆ
ಲೋಟ ಇಟ್ಟು ನೋಡಿದೆ. ಚಿಕ್ಕದರದು ಐದು ಗಂಟೆಗೆ ಕಲ್ಲಿನ ಹಾಗೆ ಕೂತಿದೆ, ದೊಡ್ಡದರದು ಬಗ್ಗಿಸಿದರೆ ಹರಿಯುತ್ತದೆ. ಆ ಎರಡು ದಿನದ ಕೆನೆ ಫ್ರಿಜ್ಜಲ್ಲಿದೆ, ಅದೂ ಬೇಡ ತಾನೇ?

ಕಡೆಗೋಲು
ಬೇಡ. ಮನಸ್ಸಿಗೆ ಕಷ್ಟ ಆಗುತ್ತದೆ, ಆದರೂ ಹಳೆ ಕೆನೆಗೆ ಸೇರಿಸಬೇಡಿ.

ನಂದಿನಾಡು
ನನ್ನದೊಂದು ಪ್ರಶ್ನೆ. ಕೆನೆಗೆ ಹೆಪ್ಪು ಹಾಕಿ ಮೊಸರು ಮಾಡಿ ಕಡೆಯಬೇಕಾ, ಹಸಿ ಕೆನೆಯನ್ನೇ ಕಡೆಯಬಹುದಾ? ನಾನು ಹಸಿ ಕೆನೆ ಕಡೆಯುತ್ತೇನೆ, ತುಪ್ಪ ಅಷ್ಟೇ ಬರುತ್ತದೆ. ಹೆಪ್ಪು ಹಾಕುವುದು ಸುಮ್ನೆ ಕೆಲಸ.

ಎಮ್ಮೆಕಟ್ಟೆ
ಅಷ್ಟೇ ಬರಬಹುದು. ಆದರೆ ಘಮ? ಹೆಪ್ಪು ಹಾಕಿದ ಕೆನೆಯ ತುಪ್ಪದ ಡಬ್ಬಿ ತೆರೆದರೆ ಪಕ್ಕದ ಕೋಣೆಯವರಿಗೆ ಗೊತ್ತಾಗಬೇಕು. ನನ್ನ ಗಿರಾಕಿಗಳು ಅದಕ್ಕೇ ಬರುವುದು.

ನಂದಿನಾಡು
ನನ್ನ ಗಿರಾಕಿಗಳು ಹುಳಿವಾಸನೆ ಇಲ್ಲದ್ದೇ ಬೇಕು ಅಂತಾರೆ. ಯಾರ ಮಾತು ಕೇಳುವುದು?

ಕಡೆಗೋಲು
ಹುಳಿವಾಸನೆ ಬಂದರೆ ಕೆನೆ ಜಾಸ್ತಿ ದಿನ ಇಟ್ಟಿದ್ದೀರಿ ಅಂತ. ಫ್ರಿಜ್ಜಲ್ಲಿ ನಾಲ್ಕೈದು ದಿನ, ಅದಕ್ಕಿಂತ ಜಾಸ್ತಿ ಅಂದರೆ ಫ್ರೀಜರಿಗೆ ಹಾಕಿ. ಮಿಕ್ಕಿದ್ದು ನಿಮ್ಮ ನಿಮ್ಮ ಗಿರಾಕಿಗಳ ನಾಲಿಗೆ, ಅದರಲ್ಲಿ ನಾನು ತೀರ್ಪು ಕೊಡಲ್ಲ.

ಕಾಯಿಸುವಾಗ ಕಿವಿ ಕೊಡಿ. ನೀರಿರುವ ತನಕ ಗುಳುಗುಳು ಅಂತ ದೊಡ್ಡ ಗುಳ್ಳೆ ಸದ್ದು ಮಾಡುತ್ತವೆ. ನೀರು ಹೋದ ಮೇಲೆ ಸದ್ದು ಅಡಗಿ ಸಣ್ಣ ನೊರೆ ಬರುತ್ತದೆ, ತಳದ ಗಸಿ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಬರುವುದಕ್ಕೆ ಸ್ವಲ್ಪ ಮೊದಲೇ ಉರಿ ಆರಿಸಿ, ಪಾತ್ರೆಯ ಬಿಸಿಗೇ ಉಳಿದದ್ದು ಆಗುತ್ತದೆ. ಸೋಸಿದ ತಕ್ಷಣ ಫ್ರಿಜ್ಜಿಗೆ ಇಟ್ಟರೆ ಮೇಣದ ಥರ ನುಣ್ಣಗೆ ಕೂರುತ್ತದೆ. ಹರಳು ಬೇಕು ಅಂದರೆ ಅಡುಗೆಮನೆಯಲ್ಲೇ, ಗಾಳಿ ಬೀಸದ ಕಡೆ, ಒಂದು ದಿನ ಅಲ್ಲಾಡಿಸದೆ ಬಿಡಿ.

ಹಟ್ಟಿಮನೆ
ಒಂದು ತಿಂಗಳಾಯಿತು, ಹೇಗಾಯಿತು ಅಂತ ಹೇಳಿಬಿಡುತ್ತೇನೆ. ಔಷಧಿಯ ದಿನಗಳು ಮುಗಿದ ಮೇಲೆ ದೊಡ್ಡ ಹಸುವಿನ ಹಾಲು ಮತ್ತೆ ಸೇರಿಸಿದೆ. ವಾರದಲ್ಲಿ ಐದು ದಿನ ಕೆನೆ ತೆಗೆದು ಮೊಸರು, ದಿನಕ್ಕೆ ಎಂಟು ಕಿಲೋ ಚಿಲ್ಲರೆ. ಎರಡು ದಿನ ಮೊಸರು ಕೇಳುವವರು ಕಡಿಮೆ, ಆ ದಿನ ಮುಂಚೆ ಹೇಳಿಸಿಕೊಂಡು ಪನೀರ್. ಮೊದಲ ಸಲ 1 ಕಿಲೋ 300 ಬಂತು. ನೀರು ಇನ್ನೂ ಬಿಳಿಯಾಗಿದ್ದಾಗಲೇ ನಿಲ್ಲಿಸಿದ್ದೆ ಅಂತ ಆಮೇಲೆ ಅರ್ಥವಾಯಿತು. ಈಗ ಒಂದೂವರೆ ಕಿಲೋ ದಾಟಿದೆ. ಐದು ದಿನದ ಕೆನೆಗೆ ತುಪ್ಪ 870 ಗ್ರಾಂ. ಮೂರು ದಿನಕ್ಕೆ 450 ಬಂದಾಗ ಅಳು ಬಂದಿತ್ತು. ಹಾಗೆ ನೋಡಿದರೆ ದಿನದ ಲೆಕ್ಕದಲ್ಲಿ ತುಪ್ಪ ಅಷ್ಟೇನೂ ಹೆಚ್ಚಾಗಿಲ್ಲ, ಆದರೆ ಈಗ ಯಾವ ಜಿಡ್ಡು ಎಲ್ಲಿಗೆ ಹೋಯಿತು ಅಂತ ಗೊತ್ತಿದೆ.

ಉಳಿದಿರುವುದು ಪನೀರಿನ ನೀರು. ಒಂದು ಸಲಕ್ಕೆ ಹತ್ತು ಲೀಟರ್ ಆಗುತ್ತದೆ. ಚರಂಡಿಗೆ ಬಿಟ್ಟರೆ ಮಾರನೇ ದಿನ ನಾತ. ಬಿಳಿಬಟ್ಟೆಯವರೇ, ನೀವು ಏನು ಮಾಡುತ್ತೀರಿ?

ಬಿಳಿಬಟ್ಟೆ
ಆರಿಸಿ, ಅದೇ ದಿನ ಹಸುಗಳ ಬೂಸಾಕ್ಕೆ ಕಲಸುತ್ತೇನೆ. ಶುರುವಲ್ಲಿ ಒಂದೊಂದಕ್ಕೆ ಒಂದೇ ಲೀಟರ್, ವಾರ ಕಳೆದ ಮೇಲೆ ಎರಡು ಮೂರು. ಒಮ್ಮೆಲೇ ಜಾಸ್ತಿ ಕೊಟ್ಟರೆ ಸಗಣಿ ತೆಳ್ಳಗಾಗುತ್ತದೆ. ಆದರೂ ನನಗೂ ಎರಡು ಮೂರು ಲೀಟರ್ ಉಳಿಯುತ್ತದೆ, ಅದಕ್ಕೆ ದಾರಿ ಸಿಕ್ಕಿಲ್ಲ. ಯಾರಾದರೂ ತೋಟಕ್ಕೆ ಹಾಕಿ ನೋಡಿದ್ದೀರಾ?

ಮಾವಿನತೋಪು
ನಾನು ನಾಲ್ಕರಷ್ಟು ನೀರು ಬೆರೆಸಿ ಮರಗಳ ಬುಡದಿಂದ ದೂರಕ್ಕೆ ಹಾಕಿದ್ದೇನೆ, ಬೇರೆ ಬೇರೆ ಮರಕ್ಕೆ ಸರದಿಯಲ್ಲಿ. ಒಂದೇ ಜಾಗಕ್ಕೆ ಹಾಕುತ್ತಾ ಹೋದಾಗ ಅಲ್ಲಿ ಹುಲ್ಲು ಸುಟ್ಟಿತು. ಮರಕ್ಕೆ ಒಳ್ಳೆಯದಾಯಿತಾ ಅಂತ ಹೇಳಲು ಇನ್ನೊಂದು ಫಸಲು ನೋಡಬೇಕು.